ಊರಿನ ಮನೆಯ ಸಲಾಕೆ, ಸಿಮೆಂಟು: ಚಿತ್ರದಲ್ಲಿ ನೋಡತಕ್ಕದ್ದು

ಬಾಲಾನಗರದ ಕಾರ್ಖಾನೆಗಳಲ್ಲಿಯೂ ಕಛೇರಿಗಳಲ್ಲಿಯೂ ದುಡಿಯುವ ನಮ್ಮವರಲ್ಲಿ ಕೆಲವರು ಬೀದರ, ರಾಯಚೂರು, ಯಾದಗಿರಿ ಕಡೆಯ ತಮ್ಮ ಊರಿನಲ್ಲಿ ಮನೆ ಕಟ್ಟಿಸುತ್ತಿರುತ್ತಾರೆ. ಹಣ ಇಲ್ಲಿಂದ ಹೋಗುತ್ತದೆ, ಮಾಲು ಅಲ್ಲಿ ಇಳಿಯುತ್ತದೆ. ಇಳಿದ ಮಾಲಿನ ಚಿತ್ರವನ್ನು ತಮ್ಮನೋ ಮಾವನೋ ಫೋನಿನಲ್ಲಿ ಕಳುಹಿಸುತ್ತಾರೆ. ಆ ಚಿತ್ರದಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನು ಇಲ್ಲಿ ನೋಡೋಣ.

1. ಸಲಾಕೆಯ ಮೇಲಿನ ಅಕ್ಷರ

ಕಾಯ್ದ ಕಬ್ಬಿಣವನ್ನು ಎರಡು ಉರುಳೆಗಳ ನಡುವೆ ಒತ್ತಿ ಸಲಾಕೆ ಮಾಡುತ್ತಾರೆ. ಉರುಳೆಯಲ್ಲಿ ಕೊರೆದ ಅಕ್ಷರವು ಸಲಾಕೆಯ ಮೇಲೆ ಉಬ್ಬಿ ಮೂಡುತ್ತದೆ. ಉರುಳೆ ಸುತ್ತಿದಂತೆಲ್ಲ ಅದೇ ಅಕ್ಷರ ಸಮದೂರದಲ್ಲಿ ಮತ್ತೆ ಮತ್ತೆ ಬರುತ್ತದೆ. ಆದುದರಿಂದ ಒಂದೇ ಕಡೆ ಕಾಣುವ ಗುರುತಾಗಲಿ, ಬಣ್ಣದಲ್ಲಿ ಬರೆದ ಗುರುತಾಗಲಿ ಕಾರ್ಖಾನೆಯ ಗುರುತೆಂದು ತಿಳಿಯಬಾರದು.

ಇದನ್ನು ಚಿತ್ರದಲ್ಲಿ ಕಾಣಬೇಕಾದರೆ ಬೆಳಕು ಪಕ್ಕದಿಂದ ಬೀಳಬೇಕು. ಎದುರಿನಿಂದ ಫ್ಲಾಶ್ ಹಾಕಿದರೆ ಉಬ್ಬಿನ ನೆರಳು ಅಳಿಸಿಹೋಗಿ ಅಕ್ಷರ ಮಸುಕಾಗುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಎರಡು ಗುರುತುಗಳು ಒಟ್ಟಿಗೆ ಬರುವಂತೆ ತೆಗೆಯಲು ಹೇಳಿರಿ. ಹೆಸರಿನ ಒಂದೊಂದು ಅಕ್ಷರವನ್ನೂ ಬಿಡಿಸಿ ಓದಿರಿ. ಹೆಸರಾಂತ ಕಂಪನಿಯ ಹೆಸರಿನಲ್ಲಿ ಒಂದಕ್ಷರ ಬದಲಿಸಿ ಮಾರುವುದುಂಟು.

ಬಳಿಕ ಕಟ್ಟಿಗೆ ತೂಗುಹಾಕಿರುವ ಚೀಟಿಯ ಚಿತ್ರ ಕೇಳಿರಿ. ಅದರಲ್ಲಿ IS 1786 ಎಂಬ ಸಂಖ್ಯೆ, Fe 500D ಮುಂತಾದ ದರ್ಜೆ, ಗಾತ್ರ, CM/L ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇವುಗಳನ್ನು ನೋಡಿರಿ. ಪರವಾನಗಿ ಸಂಖ್ಯೆಯನ್ನು ಫೋನಿನ BIS Care ಆ್ಯಪಿನಲ್ಲಿ ಹಾಕಿದರೆ ಅದು ಯಾವ ತಯಾರಕರದೆಂದು ತಿಳಿಯುತ್ತದೆ. ಚೀಟಿಯನ್ನು ಬಿಚ್ಚಿ ಬೇರೊಂದು ಕಟ್ಟಿಗೆ ಕಟ್ಟುವುದು ಸುಲಭ. ಉಬ್ಬಕ್ಷರವನ್ನು ಬದಲಿಸುವುದು ಕಷ್ಟ. ಎರಡೂ ಒಂದೇ ತಯಾರಕರನ್ನು ಹೇಳಬೇಕು.

2. ಚಿತ್ರ ಹೇಳದ ಸಂಗತಿ

ಹೆಸರು ಸರಿಯಿದ್ದ ಮಾತ್ರಕ್ಕೆ ಗಾತ್ರವೂ ಸರಿಯಿರುತ್ತದೆ ಎಂದಲ್ಲ. 12 ಮಿ.ಮೀ. ಸಲಾಕೆಯ ಒಂದು ಮೀಟರು 888 ಗ್ರಾಂ ತೂಗಬೇಕು. ಈ ಗಾತ್ರದ ಒಂಟಿ ಸಲಾಕೆಗೆ ನೂರಕ್ಕೆ 6ರಷ್ಟು ಕಡಿಮೆಯವರೆಗೆ ಮಾತ್ರ ವಿನಾಯಿತಿಯಿದೆ. ಎಂದರೆ 835 ಗ್ರಾಮಿಗಿಂತ ಕಡಿಮೆ ತೂಗಬಾರದು.

ಒಂದು ಲೆಕ್ಕ ನೋಡಿರಿ. ಊರಿನಿಂದ ಬಂದ ಒಂದು ಮೀಟರಿನ ತುಂಡು 800 ಗ್ರಾಂ ತೂಗಿತೆನ್ನಿ. ಮಿಲಿಮೀಟರಿನ ಗಾತ್ರವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಬರುತ್ತದೆ. ಅದೇ ಸೂತ್ರವನ್ನು ಹಿಂದಿನಿಂದ ಮಾಡಿದರೆ ಈ ತುಂಡಿನ ಗಾತ್ರ ಸುಮಾರು 11.4 ಮಿ.ಮೀ. ಕಡಿಮೆಯಾದದ್ದು ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಯಾವ ಚಿತ್ರದಲ್ಲಿಯೂ ಇದು ಕಣ್ಣಿಗೆ ಬೀಳದು. ಆದರೆ 12 ಮೀಟರಿನ 60 ಸಲಾಕೆಗಳನ್ನು ಎಣಿಕೆಯ ಮೇಲೆ ಕೊಂಡಿದ್ದರೆ 639 ಕಿಲೋ ಬರಬೇಕಾದಲ್ಲಿ 576 ಕಿಲೋ ಬಂತು. 63 ಕಿಲೋ ಕಬ್ಬಿಣದ ಹಣ ಹೋಯಿತು. ಕಾಂಟಾದಲ್ಲಿ ತೂಗಿಸಿ ಕೊಂಡಿದ್ದರೆ ಹಣ ಉಳಿಯಿತು, ಆದರೂ ಮೇಸ್ತ್ರಿ ಎಣಿಸಿ ಕಟ್ಟಿದ ಕಂಬದಲ್ಲಿ ನೂರಕ್ಕೆ ಹತ್ತರಷ್ಟು ಕಬ್ಬಿಣ ಕಡಿಮೆಯಾಗಿಯೇ ಇರುತ್ತದೆ.

ಆದುದರಿಂದ ತೂಕದ ಚಿತ್ರವನ್ನೇ ಕೇಳಬೇಕು. ತುಕ್ಕು, ಮಣ್ಣು ಒರೆಸಿದ ಒಂದು ಮೀಟರು ತುಂಡನ್ನು ನೇರವಾಗಿ ಕತ್ತರಿಸಲಿ. ಟೇಪು ಹಿಡಿದ ಚಿತ್ರ ಒಂದು, ಕಿರಾಣಿ ಅಂಗಡಿಯ ವಿದ್ಯುತ್ ತಕ್ಕಡಿ ಖಾಲಿಯಾಗಿ ಸೊನ್ನೆ ತೋರಿಸುವ ಚಿತ್ರ ಒಂದು, ತುಂಡನ್ನಿಟ್ಟ ಚಿತ್ರ ಒಂದು, ಹೀಗೆ ಮೂರು ಸಾಕು. ಉದ್ದದಲ್ಲಿ ಒಂದು ಸೆಂಟಿಮೀಟರು ತಪ್ಪಿದರೆ ತೂಕದಲ್ಲಿ ಸುಮಾರು 9 ಗ್ರಾಂ ತಪ್ಪುತ್ತದೆ. ಬೇರೆ ಬೇರೆ ಕಟ್ಟಿನಿಂದ ಮೂರು ತುಂಡು ತೂಗಿದರೆ ಅನುಮಾನ ಕಡಿಮೆಯಾಗುತ್ತದೆ.

3. ಸಿಮೆಂಟಿನ ಚೀಲ

ಚೀಲದ ಮೇಲೆ ಐ.ಎಸ್.ಐ. ಗುರುತು, ಪರವಾನಗಿ ಸಂಖ್ಯೆ, ನಿವ್ವಳ 50 ಕಿಲೋ ಎಂಬ ಅಚ್ಚು, ತುಂಬಿದ ಕಾಲ ಇರಬೇಕು. ಸಾಮಾನ್ಯ ಸಿಮೆಂಟಿಗೆ IS 269, ಹಾರುಬೂದಿ ಬೆರೆಸಿದ ಪಿ.ಪಿ.ಸಿ.ಗೆ IS 1489 ಎಂದಿರುತ್ತದೆ. ತುಂಬಿ ಮೂರು ತಿಂಗಳು ಮೀರಿದ್ದರೆ ಪರೀಕ್ಷೆ ಮಾಡಿಸದೆ ಬಳಸಬಾರದು.

ಚೀಲದ ಮುಖಕ್ಕಿಂತ ಅದರ ಬಾಯಿಯ ಚಿತ್ರ ಮುಖ್ಯ. ಕಾರ್ಖಾನೆಯಲ್ಲಿ ಮೂಲೆಯ ಸಣ್ಣ ಕವಾಟದಿಂದ ಯಂತ್ರವು ಸಿಮೆಂಟು ತುಂಬುತ್ತದೆ. ಎರಡು ತುದಿಗಳೂ ಮೊದಲೇ ಮುಚ್ಚಿರುತ್ತವೆ. ತುದಿಯನ್ನು ಬಿಚ್ಚಿ ಕೈಯಿಂದ ಹೊಲಿದ ದಾರ ಕಂಡರೆ, ಅಚ್ಚು ಎಷ್ಟು ಚೆನ್ನಾಗಿದ್ದರೂ ಆ ಚೀಲವನ್ನು ಬೇರೆ ಇಡಿಸಿರಿ.

ತೂಕಕ್ಕೆ ಒಂದೇ ಚೀಲ ಸಾಲದು. ಖಾಲಿ ಚೀಲದ ತೂಕ ಕಳೆದು ಒಂದು 49½ ಕಿಲೋ ಬಂದರೆ ಜಗಳ ಬೇಡ. ಹತ್ತು ಚೀಲಗಳ ಸರಾಸರಿ 50 ಇರಬೇಕು. ಯಾವ ಚೀಲವೂ 48ಕ್ಕಿಂತ ಕೆಳಗೆ ಇಳಿಯಕೂಡದು.

ಈ ಚಿತ್ರಗಳೆಲ್ಲ ಹಣದ ಕೊನೆಯ ಕಂತು ಕಳುಹಿಸುವ ಮೊದಲು, ಕಂಬಕ್ಕೆ ಕಾಂಕ್ರೀಟು ಹಾಕುವ ಮೊದಲು ಕೈಸೇರಬೇಕು. ಬಿಲ್ಲಿನ ಚಿತ್ರವನ್ನೂ ಜೊತೆಗಿಟ್ಟುಕೊಳ್ಳಿರಿ. ಮಾಲು ಹಿಂತಿರುಗಿಸುವಾಗ ಅಂಗಡಿಯವರು ಮೊದಲು ಕೇಳುವುದು ಅದನ್ನೇ.