ಮಾರ್ಗಮಧ್ಯದ ತಪಾಸಣೆ ಮತ್ತು ಅಧಿಕಾರಿಯ ವಿವೇಚನೆ

ಶಾಸನಸಭೆಯು ಕಾನೂನನ್ನು ರೂಪಿಸುತ್ತದೆ. ಇಲಾಖೆಯು ಸುತ್ತೋಲೆಗಳ ಮೂಲಕ ಅದನ್ನು ವಿವರಿಸುತ್ತದೆ. ಆದರೆ ಆ ಕಾನೂನು ವರ್ತಕನ ಪಾಲಿಗೆ ಏನಾಗಿ ಪರಿಣಮಿಸುತ್ತದೆ ಎಂಬುದನ್ನು ರಸ್ತೆಯಲ್ಲಿ ಲಾರಿಯನ್ನು ತಡೆದು ನಿಲ್ಲಿಸುವ ಅಧಿಕಾರಿ ನಿರ್ಧರಿಸುತ್ತಾನೆ. ಅಮೆರಿಕದ ರಾಜ್ಯಶಾಸ್ತ್ರಜ್ಞ ಮೈಕೆಲ್ ಲಿಪ್ಸ್ಕಿ 1980ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಅಂಶವನ್ನೇ ಪ್ರತಿಪಾದಿಸಿದರು. ಪೊಲೀಸರು, ಶಿಕ್ಷಕರು ಮೊದಲಾದ ಕೆಳಹಂತದ ನೌಕರರು ಅಲ್ಪ ಸಮಯದಲ್ಲಿ, ಅಪೂರ್ಣ ಮಾಹಿತಿಯ ಮೇಲೆ ಕೈಗೊಳ್ಳುವ ತೀರ್ಮಾನಗಳೇ ವಾಸ್ತವದಲ್ಲಿ ಸರ್ಕಾರದ ನೀತಿಯಾಗುತ್ತವೆ ಎಂಬುದು ಅವರ ವಾದದ ತಿರುಳು.

2017ರ ಜುಲೈನಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ವಾಣಿಜ್ಯ ತೆರಿಗೆ ತಪಾಸಣಾ ಠಾಣೆಗಳು ಮುಚ್ಚಿದವು. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಕಡ್ಡಾಯವಾಯಿತು. ಆ ಬಿಲ್ಲನ್ನು ಪರಿಶೀಲಿಸುವ ಅಧಿಕಾರವು ಸಂಚಾರಿ ದಳಗಳ ಕೈಸೇರಿತು.

ಒಂದು ಕಲ್ಪಿತ ಉದಾಹರಣೆಯನ್ನು ಪರಿಶೀಲಿಸೋಣ. ನಾಲವಾರ ಭಾಗದ ವರ್ತಕನೊಬ್ಬ ಹೈದರಾಬಾದಿಗೆ 80,000 ರೂಪಾಯಿ ಮೌಲ್ಯದ ಶಹಾಬಾದ್ ಕಲ್ಲನ್ನು ಕಳುಹಿಸಿದ್ದಾನೆ. ಶೇ. 5ರಂತೆ ತೆರಿಗೆ 4,000 ರೂಪಾಯಿ. ಲಾರಿಯ ಸಂಖ್ಯೆ 5412. ಗುಮಾಸ್ತನು ಬಿಲ್ಲಿನಲ್ಲಿ 5472 ಎಂದು ನಮೂದಿಸಿದ್ದಾನೆ. ಉಳಿದೆಲ್ಲ ವಿವರಗಳೂ ಸರಿಯಾಗಿವೆ.

ಇಲ್ಲಿ ಅಧಿಕಾರಿಯ ಮುಂದೆ ಎರಡು ದಾರಿಗಳಿವೆ. ಕಾಯ್ದೆಯ 129ನೇ ಪ್ರಕರಣದಂತೆ ಸರಕನ್ನು ತಡೆಹಿಡಿದರೆ, 2022ರ ಜನವರಿ 1ರಿಂದ ದಂಡವು ತೆರಿಗೆಯ ಶೇ. 200, ಅಂದರೆ 8,000 ರೂಪಾಯಿ. ಆದರೆ 2018ರ ಸೆಪ್ಟೆಂಬರ್ 14ರ 64ನೇ ಸಂಖ್ಯೆಯ ಸುತ್ತೋಲೆಯು ಆರು ಬಗೆಯ ಸಣ್ಣ ದೋಷಗಳಿಗೆ 129ನ್ನು ಅನ್ವಯಿಸಬಾರದೆಂದು ತಿಳಿಸುತ್ತದೆ. ವಾಹನ ಸಂಖ್ಯೆಯ ಒಂದೆರಡು ಅಂಕಿಗಳ ತಪ್ಪು ಅವುಗಳಲ್ಲೊಂದು. ಇಂತಹ ತಪ್ಪಿಗೆ ಅಂತರರಾಜ್ಯ ಸಾಗಣೆಯಲ್ಲಿ 1,000 ರೂಪಾಯಿ ದಂಡ ಮಾತ್ರ.

ಸುತ್ತೋಲೆ ಇಷ್ಟು ಸ್ಪಷ್ಟವಾಗಿದ್ದರೂ ವಿವೇಚನೆ ಅಳಿಯುವುದಿಲ್ಲ. ಇದು ಕೈತಪ್ಪೋ, ಅಥವಾ ಬೇರೊಂದು ಲಾರಿಗೆ ಮಾಡಿದ ಬಿಲ್ಲನ್ನೇ ಮತ್ತೊಮ್ಮೆ ಬಳಸಿದ್ದೋ ಎಂಬುದನ್ನು ಅಧಿಕಾರಿಯೇ ತೀರ್ಮಾನಿಸಬೇಕು. ಇನ್ನೊಂದು ಸೂಕ್ಷ್ಮ ಅಂಶವೂ ಇದೆ. ಸಣ್ಣ ದೋಷವೆಂದು ಬಿಟ್ಟುಕೊಟ್ಟ ಪ್ರತಿಯೊಂದು ಪ್ರಕರಣವನ್ನೂ ಅಧಿಕಾರಿ ವಾರಕ್ಕೊಮ್ಮೆ ತನ್ನ ಮೇಲಧಿಕಾರಿಗೆ ವರದಿ ಮಾಡಬೇಕೆಂದು ಅದೇ ಸುತ್ತೋಲೆ ವಿಧಿಸುತ್ತದೆ. ಹೀಗಾಗಿ ರಿಯಾಯಿತಿ ತೋರಿದವನೇ ಸಮಜಾಯಿಷಿ ನೀಡಲು ಸಿದ್ಧನಿರಬೇಕಾಗುತ್ತದೆ. ತಡೆಹಿಡಿಯುವುದು ಅವನಿಗೆ ಸುರಕ್ಷಿತ ಮಾರ್ಗವಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಕಲ್ಲಿನ ಹೊಳಪಿನ ವಿಷಯದಲ್ಲಿ ಈ ವಿವೇಚನೆ ಮತ್ತಷ್ಟು ವಿಸ್ತರಿಸುತ್ತದೆ. ಕನ್ನಡಿಯಂತಹ ಹೊಳಪು ಪಡೆದು ಬಳಕೆಗೆ ಸಿದ್ಧವಾದ ಕಲ್ಲು ಶೇ. 5ರ ದರದಿಂದ ಹೊರಗುಳಿಯುತ್ತದೆ. ಲಘುವಾಗಿ ಹೊಳಪು ಕೊಟ್ಟ ನಾಪಾ ಕಲ್ಲಿಗೆ ಶೇ. 5ರ ದರವೇ ಅನ್ವಯವೆಂದು 2022ರ ಆಗಸ್ಟ್ 3ರ ಸುತ್ತೋಲೆ ಸ್ಪಷ್ಟಪಡಿಸಿತು. ನಾಪಾ ಕಲ್ಲೂ ಒಂದು ಬಗೆಯ ಸುಣ್ಣಕಲ್ಲೇ. ಆದರೆ ಲಘು ಹೊಳಪಿಗೂ ಕನ್ನಡಿ ಹೊಳಪಿಗೂ ನಡುವಿನ ಗೆರೆಯನ್ನು ರಸ್ತೆಯ ಬದಿಯಲ್ಲಿ ಬರಿಗಣ್ಣೇ ಎಳೆಯುತ್ತದೆ. ಅಧಿಕಾರಿಯು ಶೇ. 18ರ ದರವೆಂದು ಭಾವಿಸಿದರೆ ತೆರಿಗೆ 14,400 ರೂಪಾಯಿ, ಅದರ ಶೇ. 200 ಎಂದರೆ 28,800 ರೂಪಾಯಿ. ದರದ ಕುರಿತ ನೈಜ ವಿವಾದವನ್ನು ರಸ್ತೆಯಲ್ಲಿ ಇತ್ಯರ್ಥಪಡಿಸದೆ, ಹೇಳಿಕೆ ದಾಖಲಿಸಿಕೊಂಡು ತೆರಿಗೆ ನಿರ್ಧರಣಾಧಿಕಾರಿಗೆ ಕಳುಹಿಸಬೇಕೆಂಬುದು ಜೆಯ್ಯಂ ಗ್ಲೋಬಲ್ ಫುಡ್ಸ್ ಪ್ರಕರಣದಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು 2019ರಲ್ಲಿ ತಳೆದ ನಿಲುವು. ಅದು ನೆರೆರಾಜ್ಯದ ತೀರ್ಪಾದುದರಿಂದ ಇಲ್ಲಿನ ಅಧಿಕಾರಿಯನ್ನು ಕಟ್ಟಿಹಾಕದು. ಆದರೂ ಉತ್ತರದಲ್ಲಿ ಉಲ್ಲೇಖಿಸಲು ಯೋಗ್ಯವಾಗಿದೆ.

ತಡೆಹಿಡಿದ ನಂತರ ನೋಟಿಸು ನೀಡಲು 7 ದಿನ, ನೋಟಿಸು ಜಾರಿಯಾದ ಮೇಲೆ ಆದೇಶಕ್ಕೆ 7 ದಿನ ಅವಕಾಶವಿದೆ. ಅಷ್ಟು ದಿನ ನಿಂತ ಲಾರಿಯ ಬಾಡಿಗೆಯೇ ದಂಡವನ್ನು ಮೀರಬಹುದು. ಆದುದರಿಂದ ಅನೇಕರು ಹಣ ಕಟ್ಟಿ ಸರಕು ಬಿಡಿಸಿಕೊಳ್ಳುತ್ತಾರೆ. ಹಣ ಸಂದಾಯವಾದೊಡನೆ ಪ್ರಕರಣ ಮುಕ್ತಾಯವಾಯಿತೆಂದು ಕಾಯ್ದೆ ಭಾವಿಸುತ್ತದೆ. ರಸ್ತೆಯ ತೀರ್ಮಾನ ಸರಿಯೋ ತಪ್ಪೋ ಎಂಬ ಪ್ರಶ್ನೆ ಅಲ್ಲಿಗೇ ನಿಂತು, ಮುಂದಿನ ಲಾರಿಗೂ ಅದೇ ರೂಢಿಯಾಗುತ್ತದೆ.

ಇದಕ್ಕೆ ಪರಿಹಾರವು ದಾಖಲೆಯಲ್ಲಿದೆ. ರಿಯಾಯಿತಿ ತೋರಲು ಅಧಿಕಾರಿಗೆ ಬೇಕಾದ ಆಧಾರವನ್ನು ವರ್ತಕನೇ ಒದಗಿಸಬೇಕು. ಸುತ್ತೋಲೆಯ ಪ್ರತಿ, ಲಾರಿ ತುಂಬಿದ ಸಮಯ ತೋರಿಸುವ ತೂಕದ ಚೀಟಿ ಮತ್ತು ಕಲ್ಲಿಗೆ ಯಾವ ಹೊಳಪು ಎಂದು ಬರೆದ ಬಿಲ್ಲು ಚಾಲಕನ ಬಳಿ ಇರಲಿ. ಎಂಒವಿ-01 ನಮೂನೆಯಲ್ಲಿ ಚಾಲಕನ ಹೇಳಿಕೆ ದಾಖಲಾಗುತ್ತದೆ. ಓದಿ ನೋಡದೆ ಸಹಿ ಹಾಕಬಾರದೆಂದು ಅವನಿಗೆ ಮೊದಲೇ ತಿಳಿಸಿರಬೇಕು. ಲಾರಿಯನ್ನು 30 ನಿಮಿಷಕ್ಕಿಂತ ಹೆಚ್ಚು ಕಾಲ ನಿಲ್ಲಿಸಿದರೆ ಆ ವಿಷಯವನ್ನು ಇಡಬ್ಲ್ಯುಬಿ-04 ನಮೂನೆಯಲ್ಲಿ ಪೋರ್ಟಲಿಗೆ ಸಲ್ಲಿಸಲು 138ಡಿ ನಿಯಮವು ಅವಕಾಶ ನೀಡಿದೆ. ಅಲ್ಲಿ ದಾಖಲಾದ ತಡೆಯನ್ನು ಅಧಿಕಾರಿಯ ಮೇಲಿನವರೂ ನೋಡಬಲ್ಲರು. ಬಾಯಿಮಾತಿನಲ್ಲಿ ಮುಗಿದು ಹೋಗುವ ತಡೆಯನ್ನು ಯಾರೂ ನೋಡಲಾರರು.