ಹೇಳಲಾರದ ತಲೆನೋವು: ಮರೆವಿನ ಕಾಯಿಲೆಯ ಹಿರಿಯರಲ್ಲಿ ಅದನ್ನು ಗುರುತಿಸುವ ಬಗೆ

ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ, ಮುಂದುವರಿದ ಹಿರಿಯರು ತಲೆನೋವು ಬಂದಾಗ ‘ತಲೆ ನೋಯುತ್ತಿದೆ’ ಎಂದು ಹೇಳುವುದಿಲ್ಲ. ಊಟದ ತಟ್ಟೆಯನ್ನು ದೂಡುತ್ತಾರೆ, ಸ್ನಾನಕ್ಕೆ ಕರೆದರೆ ಕೂಗುತ್ತಾರೆ, ತಲೆ ಬಾಚಲು ಬಂದವರ ಕೈಯನ್ನು ತಳ್ಳುತ್ತಾರೆ, ರಾತ್ರಿಯೆಲ್ಲ ಮಂಚದ ಮೇಲೆ ಎದ್ದು ಕೂರುತ್ತಾರೆ. ಮನೆಯವರು ಇದನ್ನು ಹಟವೆಂದು ತಿಳಿಯುತ್ತಾರೆ, ಇಲ್ಲವೆ ಮರೆವಿನ ಕಾಯಿಲೆಯೇ ಒಂದು ಮೆಟ್ಟಿಲು ಏರಿತೆಂದು ಭಾವಿಸುತ್ತಾರೆ. ಅನೇಕ ವೇಳೆ ನಿದ್ರೆಯ ಮಾತ್ರೆ ಬರೆಸಿಕೊಂಡು ಬರುವುದೂ ಉಂಟು. ಆಗ ಕೂಗು ಅಡಗುತ್ತದೆ; ನೋವು ಮಾತ್ರ ಉಳಿದಿರುತ್ತದೆ.

ಈ ಕಾಯಿಲೆಯಲ್ಲಿ ಕುಂದುವುದು ನೋವಿನ ಅನುಭವವಲ್ಲ. ಆ ಅನುಭವವನ್ನು ‘ಇದು ನೋವು, ಇದು ತಲೆಯಲ್ಲಿದೆ, ನಿನ್ನೆಯಿಂದ ಇದೆ’ ಎಂದು ಅರ್ಥಮಾಡಿಕೊಂಡು ಮಾತಿಗೆ ತರುವ ಶಕ್ತಿ ಕುಂದುತ್ತದೆ. ಮಾತು ಹೋದ ಬಳಿಕವೂ ಮುಖವು ನೋವಿಗೆ ಸ್ಪಂದಿಸುತ್ತಲೇ ಇರುತ್ತದೆ. ಆದುದರಿಂದ ನಾವು ಮೊದಲು ಕಲಿಯಬೇಕಾದದ್ದು ಮುಖವನ್ನು ಓದುವುದು.

ನೋವಿನ ಮುಖಕ್ಕೆ ಒಂದು ನಿಶ್ಚಿತ ರೂಪವಿದೆ. ಹುಬ್ಬುಗಳು ಕೆಳಗಿಳಿದು ಒಂದರ ಬಳಿಗೊಂದು ಸರಿಯುತ್ತವೆ. ಕಣ್ಣಿನ ಸುತ್ತಲಿನ ಚರ್ಮ ಬಿಗಿಯಾಗಿ ಕಣ್ಣು ಕಿರಿದಾಗುತ್ತದೆ ಅಥವಾ ಮುಚ್ಚಿಕೊಳ್ಳುತ್ತದೆ. ಕೆನ್ನೆ ಮೇಲಕ್ಕೇರಿ, ಮೂಗಿನ ಬುಡದಲ್ಲಿ ಸುಕ್ಕು ಬಿದ್ದು, ಮೇಲ್ದುಟಿ ಎತ್ತಿಕೊಳ್ಳುತ್ತದೆ. ಹೆದರಿಕೆಯ ಮುಖ ಹೀಗಿರುವುದಿಲ್ಲ. ಅಲ್ಲಿ ಹುಬ್ಬು ಮೇಲೇರುತ್ತದೆ, ಕಣ್ಣು ಅಗಲವಾಗುತ್ತದೆ. ಹಲ್ಲಿಲ್ಲದವರಲ್ಲಿ, ಅಥವಾ ಕಟ್ಟಿಸಿದ ಹಲ್ಲನ್ನು ತೆಗೆದಿಟ್ಟಾಗ, ಬಾಯಿಯ ಆಕಾರವೇ ಬದಲಾಗಿರುವುದರಿಂದ ತುಟಿಯನ್ನು ಹೆಚ್ಚು ನಂಬಬಾರದು. ಹುಬ್ಬು ಮತ್ತು ಕಣ್ಣುಗಳನ್ನು ನೋಡಬೇಕು. ಪಾರ್ಕಿನ್ಸನ್ ಕಾಯಿಲೆ ಇದ್ದವರ ಮುಖ ಸದಾ ನಿಶ್ಚಲವಾಗಿರುತ್ತದೆ, ಲಕ್ವ ಹೊಡೆದವರಲ್ಲಿ ಒಂದು ಪಾರ್ಶ್ವ ಚಲಿಸದೆ ಇರಬಹುದು. ಅಂಥವರಲ್ಲಿ ಮುಖಕ್ಕಿಂತ ನಡವಳಿಕೆಯೇ ಹೆಚ್ಚು ಹೇಳುತ್ತದೆ.

ಇನ್ನೊಂದು ತೊಡಕು ವಯಸ್ಸಿನ ಸುಕ್ಕುಗಳದು. ಎಪ್ಪತ್ತೈದು ದಾಟಿದವರ ಹಣೆಯಲ್ಲಿ ಗೆರೆಗಳು ಇದ್ದೇ ಇರುತ್ತವೆ. ಯಾವುದು ನೋವಿನದು, ಯಾವುದು ಕಾಲದ್ದು ಎಂಬುದು ತಿಳಿಯುವುದು ಕಷ್ಟ. ಇದಕ್ಕೆ ಸುಲಭವಾದ ಉಪಾಯವೊಂದಿದೆ. ಹಿರಿಯರು ನೆಮ್ಮದಿಯಾಗಿ ಬಿಸಿಲಿಗೆ ಕುಳಿತಿರುವಾಗ ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೋ ತೆಗೆದಿಟ್ಟುಕೊಳ್ಳಬೇಕು. ಅದು ಅವರ ಸಹಜ ಮುಖ. ಮುಂದೆ ಸಂಶಯ ಬಂದಾಗ ಅದರೊಂದಿಗೆ ಹೋಲಿಸಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ; ವೈದ್ಯರಿಗೂ ಅದು ಹತ್ತು ಮಾತಿಗಿಂತ ಹೆಚ್ಚು ಉಪಯುಕ್ತ.

2003ರಲ್ಲಿ ಅಮೆರಿಕದ ತಜ್ಞರು ‘ಪೇನ್ಯಾಡ್’ ಎಂಬ ಅಳತೆಗೋಲನ್ನು ಪ್ರಕಟಿಸಿದರು. ಅದರಲ್ಲಿ ಐದು ಸಂಗತಿಗಳಿವೆ: ಉಸಿರಾಟ, ಬಾಯಿಂದ ಬರುವ ಸದ್ದು, ಮುಖಭಾವ, ದೇಹದ ಚಲನೆ, ಮತ್ತು ಸಮಾಧಾನಪಡಿಸಿದಾಗ ಸುಮ್ಮನಾಗುತ್ತಾರೆಯೇ ಎಂಬುದು. ಒಂದೊಂದಕ್ಕೂ 0, 1 ಅಥವಾ 2 ಅಂಕ, ಒಟ್ಟು 10. ಸುಮಾರು ಐದು ನಿಮಿಷ ನೋಡಿದರೆ ಸಾಕು, ಮನೆಯವರೂ ಇದನ್ನು ಮಾಡಬಲ್ಲರು. ಆದರೆ ಈ ಅಳತೆಗೋಲು ನೋವು ಇರಬಹುದೇ ಎಂಬುದನ್ನು ಹೇಳುತ್ತದೆಯೇ ಹೊರತು ಎಲ್ಲಿದೆ ಎಂಬುದನ್ನು ಹೇಳುವುದಿಲ್ಲ. ಅಂಕ ಹೆಚ್ಚಾದಷ್ಟೂ ನೋವು ಹೆಚ್ಚೆಂದು ಲೆಕ್ಕ ಹಾಕುವುದೂ ಸಲ್ಲದು. ಹಸಿವು, ಭಯ, ಮಲಬದ್ಧತೆಗಳೂ ಅಂಕ ಏರಿಸುತ್ತವೆ. ನೋವು ತಲೆಯದೇ ಎಂದು ತಿಳಿಯಬೇಕಾದರೆ ಯಾವ ಕೆಲಸ ಮಾಡುವಾಗ ಮುಖ ಬದಲಾಗುತ್ತದೆ ಎಂಬುದನ್ನು ಗಮನಿಸಬೇಕು. ತಲೆಗೆ ಸಂಬಂಧಿಸಿದ ಕೆಲಸಗಳನ್ನು ಒಂದೊಂದಾಗಿ ನೋಡುತ್ತ ಹೋಗುವುದೇ ಇಲ್ಲಿನ ಮುಖ್ಯ ವಿದ್ಯೆ. ಇದಕ್ಕೆ ಹಲವು ಮನೆಗಳಲ್ಲಿ ಕಾಣುವ ಸಂಗತಿಗಳನ್ನು ಕೂಡಿಸಿ ಒಂದು ಉದಾಹರಣೆಯನ್ನು ಕಟ್ಟಿಕೊಳ್ಳೋಣ.

ಎಪ್ಪತ್ತಾರು ವರ್ಷದ ಒಬ್ಬ ತಾಯಿ. ಐದು ವರ್ಷಗಳಿಂದ ಮರೆವಿನ ಕಾಯಿಲೆ. ಈಗ ಮಾತು ಎರಡು ಮೂರು ಶಬ್ದಗಳಿಗೆ ಇಳಿದಿದೆ. ಮೂರು ವಾರಗಳಿಂದ ಬಲು ಸಿಡುಕು. ಸೊಸೆ ತಲೆ ಬಾಚಲು ಕೂತರೆ ಕೈ ಹಿಡಿದು ತಳ್ಳುತ್ತಾರೆ. ಬೆಳಿಗ್ಗೆ ಹಣೆಗೆ ವಿಭೂತಿ ಧರಿಸಲು ಹೋದರೆ, ಇಷ್ಟು ವರ್ಷ ತಾವಾಗಿ ಹಣೆ ಮುಂದೊಡ್ಡುತ್ತಿದ್ದವರು ಈಗ ಮುಖ ತಿರುಗಿಸುತ್ತಾರೆ. ‘ಶರಣು ಅನ್ನೂದನ್ನೂ ಮರತಾರ’ ಎಂದು ಮನೆಯವರು ನೊಂದುಕೊಳ್ಳುತ್ತಾರೆ. ರೊಟ್ಟಿಯನ್ನು ಎರಡು ತುತ್ತು ಅಗಿದು ನಿಲ್ಲಿಸಿ, ದವಡೆ ಹಿಡಿದುಕೊಂಡು ಕೂತು, ಕೆಲವು ನಿಮಿಷ ಬಿಟ್ಟು ಮತ್ತೆ ಅಗಿಯುತ್ತಾರೆ. ಅದೇ ಮೆತ್ತಗಿನ ಅನ್ನ ಸಾರು, ಅಂಬಲಿ ಕೊಟ್ಟರೆ ಪೂರ್ತಿ ಮುಗಿಸುತ್ತಾರೆ. ಮೊದಲು ಬಲ ಮಗ್ಗುಲಿಗೆ ಮಲಗುತ್ತಿದ್ದವರು ಈಗ ಆ ಕಡೆ ಹೊರಳಿದರೆ ಎದ್ದುಬಿಡುತ್ತಾರೆ.

ಸೊಸೆ ಇವನ್ನೆಲ್ಲ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತಾಳೆ. ಸುಮ್ಮನೆ ಕೂತಾಗ ನೋಡಿದರೆ ಉಸಿರು ಸಹಜ, ಸದ್ದಿಲ್ಲ, ಹಣೆ ಸ್ವಲ್ಪ ಗಂಟಿಕ್ಕಿದೆ, ದೇಹ ಶಾಂತ, ಸಮಾಧಾನ ಮಾಡಬೇಕಾದ್ದೇ ಇಲ್ಲ: ಒಟ್ಟು 1. ಬಾಚಣಿಗೆ ಬಲ ಕಣತಲೆಗೆ, ಅಂದರೆ ಹುಬ್ಬಿನ ಕೊನೆಗೂ ಕಿವಿಗೂ ನಡುವಿನ ಜಾಗಕ್ಕೆ, ತಾಗಿದಾಗ ನೋಡಿದರೆ ನರಳಿಕೆ 1, ಮುಖ ಹಿಂಡಿಕೊಳ್ಳುವುದು 2, ಕೈ ತಳ್ಳುವುದು 2, ಮಾತಾಡಿಸಿದರೆ ತುಸು ಶಾಂತವಾಗುವುದು 1: ಒಟ್ಟು 6. ಎಡಗಡೆ ಬಾಚಿದರೆ ಇಷ್ಟಿಲ್ಲ. ವಿಶ್ರಾಂತಿಯಲ್ಲಿ ಮಾತ್ರ ನೋಡಿ ‘ನೋವೇನೂ ಇಲ್ಲ’ ಎಂದುಕೊಂಡಿದ್ದರೆ ಇದು ತಪ್ಪಿಹೋಗುತ್ತಿತ್ತು.

ಈಗ ಎಳೆಗಳನ್ನು ಜೋಡಿಸೋಣ. ಮೆತ್ತಗಿನದನ್ನು ಉಣ್ಣುತ್ತಾರೆಂದ ಮೇಲೆ ಹಸಿವು ಹೋಗಿಲ್ಲ. ಹಲ್ಲಿನ ನೋವಾದರೆ ಮೊದಲ ಕಡಿತಕ್ಕೇ ಮುಖ ಹಿಂಡಬೇಕು. ಇಲ್ಲಿ ಅಗಿಯುತ್ತ ಅಗಿಯುತ್ತ ನೋವು ಏರಿ, ನಿಲ್ಲಿಸಿದರೆ ಇಳಿಯುತ್ತದೆ. ದವಡೆಯ ಸ್ನಾಯುವಿಗೆ ರಕ್ತ ಸಾಲದಾದಾಗ ಹೀಗಾಗುತ್ತದೆ. ಅದರ ಜೊತೆಗೆ ನೆತ್ತಿಯ ಚರ್ಮ ಮುಟ್ಟಿದರೆ ನೋವು, ಕಣತಲೆಯ ಒಂದೇ ಪಾರ್ಶ್ವ, ಐವತ್ತು ದಾಟಿದ ವಯಸ್ಸು. ಇವು ಕಣತಲೆಯ ರಕ್ತನಾಳ ಉರಿಯೂತಗೊಳ್ಳುವ ಕಾಯಿಲೆಯ ಕಡೆಗೆ ಬೆರಳು ತೋರುತ್ತವೆ. ವೈದ್ಯರು ಇದನ್ನು ಜೈಂಟ್ ಸೆಲ್ ಆರ್ಟರೈಟಿಸ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಇದು ವಿರಳ, ನಿಜ. ಆದರೆ ಕಣ್ಣಿಗೆ ಹೋಗುವ ರಕ್ತನಾಳಕ್ಕೂ ಈ ಉರಿಯೂತ ತಾಗಿದರೆ ದೃಷ್ಟಿ ಹಠಾತ್ತನೆ ಹೋಗುತ್ತದೆ, ಹೋದ ದೃಷ್ಟಿ ಸಾಮಾನ್ಯವಾಗಿ ಮರಳುವುದಿಲ್ಲ. ಮಾತಾಡಬಲ್ಲ ರೋಗಿ ‘ಕಣ್ಣಿಗೆ ಪರದೆ ಬಂದ ಹಾಗಾಯ್ತು’ ಎಂದು ಎಚ್ಚರಿಸಿಯಾರು. ಈ ತಾಯಿಯಿಂದ ಅಂಥ ಎಚ್ಚರಿಕೆ ಬಂದರೆ ಅದು ನೀರಿನ ಲೋಟಕ್ಕೆ ಕೈ ಚಾಚಿ ಗುರಿ ತಪ್ಪುವ ರೂಪದಲ್ಲಿ ಬರುತ್ತದೆ.

ಆ ಬರಹವನ್ನು ಕಂಡ ವೈದ್ಯರು ಮೊದಲು ಎರಡೂ ಕಣತಲೆಗಳನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಬಲಗಡೆಯ ನಾಳ ದಪ್ಪವಾಗಿ ಹುರಿಯಂತಾಗಿದೆ, ಅದರ ಮಿಡಿತ ಮಂದವಾಗಿದೆ. ರಕ್ತದಲ್ಲಿ ಇಎಸ್‌ಆರ್ ಮತ್ತು ಸಿಆರ್‌ಪಿ ಎಂಬ ಎರಡು ಪರೀಕ್ಷೆಗಳನ್ನು ಮಾಡಿಸುತ್ತಾರೆ. ಸಂಶಯ ಬಲವಾಗಿದ್ದರೆ ನಾಳದ ಚೂರು ತೆಗೆದು ನೋಡುವ ಬಯಾಪ್ಸಿಗೆ ಕಾಯದೆ ಅದೇ ದಿನ ಸ್ಟಿರಾಯ್ಡ್ ಪ್ರಾರಂಭಿಸುವುದು ವಾಡಿಕೆ, ಏಕೆಂದರೆ ಕಣ್ಣು ಕಾಯುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಈ ಔಷಧಿಯಿಂದ ಸಕ್ಕರೆ ಏರುವುದರಿಂದ ಅದನ್ನು ಮೊದಲೇ ತಿಳಿಸಬೇಕು. ಒಮ್ಮೆ ಪ್ರಾರಂಭವಾದ ಸ್ಟಿರಾಯ್ಡನ್ನು ಮನೆಯವರು ತಾವಾಗಿ ನಿಲ್ಲಿಸಲೇಬಾರದು. ಔಷಧಿ ಹಿಡಿದರೆ ಕೆಲವೇ ದಿನಗಳಲ್ಲಿ ತಲೆ ಬಾಚಿಸಿಕೊಳ್ಳುವುದು, ರೊಟ್ಟಿ ಅಗಿಯುವುದು ಮರಳುತ್ತವೆ. ಹಣೆಯನ್ನೂ ಅವರೇ ಮುಂದೊಡ್ಡಿಯಾರು.

ಎಲ್ಲ ತಲೆನೋವೂ ಇಷ್ಟು ಗಂಭೀರವಾಗಿರುವುದಿಲ್ಲ. ‘ರಾತ್ರಿ ನಿದ್ದೆ ಬರಲಿ’ ಎಂದು ಮನೆಯವರು ಹಿರಿಯರ ಕಾಫಿಯನ್ನು ಒಮ್ಮೆಗೇ ನಿಲ್ಲಿಸುವುದುಂಟು. ದಿನಕ್ಕೆ ಮೂರು ಲೋಟ ಕುಡಿಯುತ್ತಿದ್ದವರಿಗೆ ಒಂದು ದಿನದೊಳಗೆ ತಲೆ ಸಿಡಿಯತೊಡಗುತ್ತದೆ, ಹಲವು ದಿನ ಉಳಿಯುತ್ತದೆ. ನಿಲ್ಲಿಸುವುದೇ ಆದರೆ ವಾರಕ್ಕಿಷ್ಟೆಂದು ಕಡಿಮೆ ಮಾಡುತ್ತ ಬರಬೇಕು. ನೀರು ಕುಡಿಯಲು ಮರೆಯುವುದು, ಕತ್ತಿನ ಮೂಳೆಯ ಸವೆತ, ಹೊಸದಾಗಿ ಆರಂಭಿಸಿದ ಎದೆನೋವಿನ ಅಥವಾ ರಕ್ತದೊತ್ತಡದ ಮಾತ್ರೆಗಳೂ ಕಾರಣವಾಗುತ್ತವೆ. ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಳ್ಳುವುದು, ಟಿವಿಯ ಸದ್ದಿಗೆ ಸಿಡಿಯುವುದು, ಕತ್ತಲ ಕೋಣೆಗೆ ಹೋಗಿ ಕೂರುವುದು, ಹಣೆಗೆ ಬಟ್ಟೆ ಕಟ್ಟಿಕೊಳ್ಳುವುದು ಇಂಥ ನೋವುಗಳ ಸಾಮಾನ್ಯ ಚಿಹ್ನೆಗಳು.

ಕೇಳುವುದನ್ನೂ ಬಿಡಬಾರದು. ಕಾಯಿಲೆ ನಡುಮಟ್ಟದಲ್ಲಿರುವ ಅನೇಕರು ಸರಳ ಪ್ರಶ್ನೆಗೆ ಸರಿಯಾಗಿಯೇ ಉತ್ತರಿಸುತ್ತಾರೆ. ‘ನಿನ್ನೆಯಿಂದ ಹೇಗಿದೆ’ ಎಂದು ಕೇಳಿದರೆ ಪ್ರಯೋಜನವಿಲ್ಲ. ಎದುರಿಗೆ ಕೂತು, ನಮ್ಮ ತಲೆಯನ್ನೇ ಮುಟ್ಟಿ ತೋರಿಸುತ್ತ ‘ಯವ್ವಾ, ಇಲ್ಲಿ ನೋಯಾಕತ್ತೈತೇನು?’ ಎಂದು ಕೇಳಿ, ಅರ್ಧ ನಿಮಿಷವಾದರೂ ಕಾಯಬೇಕು. ಉತ್ತರ ತಲುಪಲು ಅವರಿಗೆ ಅಷ್ಟು ಸಮಯ ಬೇಕು.

ನೋವೇ ಕಾರಣವೆಂಬ ಸಂಶಯವಿದ್ದರೆ ವೈದ್ಯರು ಕೆಲವು ದಿನ ಪ್ಯಾರಸಿಟಮಾಲ್ ಕೊಟ್ಟು ನೋಡಲು ಹೇಳುವುದುಂಟು. 2011ರಲ್ಲಿ ಪ್ರಕಟವಾದ ನಾರ್ವೆ ದೇಶದ ಅಧ್ಯಯನವೊಂದರಲ್ಲಿ, ವೃದ್ಧಾಶ್ರಮಗಳಲ್ಲಿದ್ದ 352 ಮಂದಿ ಮರೆವಿನ ಕಾಯಿಲೆಯವರ ಪೈಕಿ ಹಂತ ಹಂತವಾಗಿ ನೋವಿಗೆ ಚಿಕಿತ್ಸೆ ಪಡೆದವರಲ್ಲಿ ಸಿಡುಕು, ತಳಮಳಗಳು ಎಂಟು ವಾರಗಳಲ್ಲಿ ಸ್ಪಷ್ಟವಾಗಿ ಇಳಿದವು. ಮಾತ್ರೆ ಕೊಡುವ ಮುನ್ನ ಒಮ್ಮೆ, ಕೊಟ್ಟು ಒಂದು ಗಂಟೆಯಾದ ಮೇಲೆ ಒಮ್ಮೆ, ಅದೇ ಕೆಲಸ ಮಾಡುವಾಗ ಅಂಕ ಬರೆದಿಡಬೇಕು. ತೂಕ ಕಡಿಮೆ ಇರುವವರಿಗೂ ಯಕೃತ್ತಿನ ತೊಂದರೆ ಇರುವವರಿಗೂ ಪ್ರಮಾಣ ಕಡಿಮೆ. ಅದನ್ನು ವೈದ್ಯರೇ ನಿಗದಿಪಡಿಸಬೇಕು. ನೆಗಡಿಯ ಮಾತ್ರೆಗಳಲ್ಲಿಯೂ ಪ್ಯಾರಸಿಟಮಾಲ್ ಇರುವುದರಿಂದ ಎರಡನ್ನೂ ಕೂಡಿಸಿ ಕೊಟ್ಟು ಮಿತಿ ಮೀರಬಾರದು. ಔಷಧಿ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫೆನ್ಯಾಕ್, ಐಬುಪ್ರೊಫೆನ್‌ಗಳು ಈ ವಯಸ್ಸಿನ ಮೂತ್ರಪಿಂಡಕ್ಕೂ ಹೊಟ್ಟೆಗೂ ಒಳ್ಳೆಯವಲ್ಲ. ಮಾತ್ರೆಯಿಂದ ತುಸು ಇಳಿಯಿತೆಂಬ ಕಾರಣಕ್ಕೆ ಅಪಾಯವಿಲ್ಲವೆಂದು ತಿಳಿಯುವುದೂ ಸರಿಯಲ್ಲ. ಮೇಲೆ ಹೇಳಿದ ನಾಳದ ನೋವೂ ಪ್ಯಾರಸಿಟಮಾಲಿಗೆ ಸ್ವಲ್ಪ ತಗ್ಗಬಹುದು.

ಕೆಲವು ಸಂದರ್ಭಗಳಲ್ಲಿ ಅಂಕ ಬರೆಯುತ್ತ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. ಕಣ್ಣು ಕೆಂಪಾಗಿ, ಅದನ್ನು ಒತ್ತಿ ಹಿಡಿದು ವಾಂತಿ ಮಾಡಿಕೊಂಡರೆ ಕಣ್ಣಿನೊಳಗಿನ ಒತ್ತಡ ಹಠಾತ್ತನೆ ಏರಿರಬಹುದು. ಜ್ವರದೊಂದಿಗೆ ಕತ್ತು ಬಿಗಿದರೆ, ಮುಖ ಒಂದು ಕಡೆ ಜೋಲಿದರೆ, ಕೈಕಾಲು ಸೋತರೆ, ಇದ್ದಕ್ಕಿದ್ದಂತೆ ಮಂಕಾದರೆ, ವಸ್ತುಗಳಿಗೆ ಕೈ ಗುರಿ ತಪ್ಪತೊಡಗಿದರೆ ತಡಮಾಡುವಂತಿಲ್ಲ. ಬಿದ್ದ ಪೆಟ್ಟನ್ನು ನಾವು ವಿಶೇಷವಾಗಿ ನೆನಪಿಡಬೇಕು. ಬಚ್ಚಲಲ್ಲಿ ಜಾರಿ ಬಿದ್ದು, ಅಂದು ಏನೂ ಆಗದಿದ್ದರೂ, ಮೂರು ನಾಲ್ಕು ವಾರಗಳ ಬಳಿಕ ಮಿದುಳಿನ ಮೇಲೆ ನಿಧಾನವಾಗಿ ರಕ್ತ ಶೇಖರವಾಗಿ ತಲೆನೋವು, ತೂಕಡಿಕೆ, ನಡಿಗೆಯ ಓಲಾಟ ಕಾಣಿಸಿಕೊಳ್ಳಬಹುದು. ರಕ್ತ ತೆಳುಮಾಡುವ ಮಾತ್ರೆ ನುಂಗುವವರಲ್ಲಿ ಇದು ಇನ್ನೂ ಸುಲಭ. ಅಷ್ಟು ಹೊತ್ತಿಗೆ ಬಿದ್ದದ್ದನ್ನು ಹಿರಿಯರೂ ಮರೆತಿರುತ್ತಾರೆ, ಮನೆಯವರೂ ಮರೆತಿರುತ್ತಾರೆ. ಆದುದರಿಂದ ವೈದ್ಯರ ಬಳಿ ಹೋಗುವಾಗ ಕಳೆದ ಎರಡು ತಿಂಗಳಲ್ಲಿ ಬಿದ್ದ ದಿನ, ಹೊಸದಾಗಿ ಸೇರಿದ ಮಾತ್ರೆಗಳು, ಯಾವ ಕೆಲಸಕ್ಕೆ ಮುಖ ಹಿಂಡುತ್ತದೆ, ಯಾವ ಪಾರ್ಶ್ವ ಎಂಬ ನಾಲ್ಕನ್ನು ಬರೆದುಕೊಂಡು ಹೋಗಬೇಕು. ಜೊತೆಗೆ ಆ ಎರಡು ವಿಡಿಯೋಗಳು, ನೆಮ್ಮದಿಯದೊಂದು, ತಲೆ ಬಾಚುವಾಗಿನದೊಂದು.