ಅಂಗಡಿ ಮಾಲಿಗೆ ಅಚ್ಚುಕಟ್ಟಾದ ಕೋಡ್: ಏಳು ಸೂತ್ರಗಳು

ನಮ್ಮ ಹಾರ್ಡ್‌ವೇರ್ ಅಂಗಡಿಯ ಸ್ಟಾಕ್ ಪುಸ್ತಕದಲ್ಲಿ ಅಪ್ಪ ಪ್ರತಿ ಮಾಲಿಗೂ ಒಂದು ಕ್ರಮಸಂಖ್ಯೆ ಹಾಕಿದ್ದರು. ಕೊನೆಯ ಸಂಖ್ಯೆ 1284. ಪುಸ್ತಕವನ್ನು ಎಕ್ಸೆಲ್‌ಗೆ ಇಳಿಸಿದಾಗ ಪ್ರತಿ ಸಂಖ್ಯೆಯ ಮುಂದೆ HW- ಅಂಟಿಸಿ ಕೋಡ್ ಮಾಡಿದೆ. ಪಟ್ಟಿಯನ್ನು ಕೋಡ್ ಪ್ರಕಾರ ಜೋಡಿಸಿದ ಕೂಡಲೇ ಅದು ಹೀಗೆ ನಿಂತಿತು:

```
HW-1
HW-10
HW-100
HW-1000
HW-1001
```

ಅಕ್ಷರ ಸೇರಿದ ಮೇಲೆ ಎಕ್ಸೆಲ್ ಅದನ್ನು ಸಂಖ್ಯೆ ಎಂದು ನೋಡುವುದಿಲ್ಲ. ನಿಘಂಟಿನಲ್ಲಿ ಪದಗಳನ್ನು ಜೋಡಿಸುವ ಹಾಗೆ ಎಡದಿಂದ ಒಂದೊಂದೇ ಅಕ್ಷರವನ್ನು ಹೋಲಿಸುತ್ತಾ ಹೋಗುತ್ತದೆ. ಹಾಗಾಗಿ 1ರಿಂದ ಶುರುವಾಗುವ 396 ಸಂಖ್ಯೆಗಳೂ ಮುಗಿದ ಮೇಲಷ್ಟೇ HW-2ರ ಸರದಿ ಬಂತು. ಎಲ್ಲ ಕೋಡ್‌ಗಳ ಉದ್ದವೂ ಒಂದೇ ಆಗಿದ್ದರೆ ಈ ತೊಂದರೆ ಇರುವುದಿಲ್ಲ. ಅದಕ್ಕೆ ಸಂಖ್ಯೆಯ ಎಡಕ್ಕೆ ಸೊನ್ನೆ ತುಂಬಬೇಕು: HW-0001, HW-0002. ಆ ಕೆಲಸವನ್ನು ಶುರುವಿನಿಂದ ಕೊನೆಯವರೆಗೆ ಮಾಡಿದ ಬಗೆ ಇಲ್ಲಿದೆ.

1. ಎಷ್ಟು ಅಂಕಿ ಎಂದು ಮೊದಲೇ ತೀರ್ಮಾನಿಸಿ

ಇವತ್ತಿನ ಮಾಲಿನ ಲೆಕ್ಕ ನೋಡಿ ಅಂಕಿ ನಿಗದಿ ಮಾಡಬೇಡಿ, ಮುಂದೆ ಸೇರಬಹುದಾದ ಮಾಲಿಗೂ ಜಾಗ ಬಿಡಿ. ಮೂರು ಅಂಕಿ 999ಕ್ಕೆ ಮುಗಿಯುತ್ತದೆ, ನಾಲ್ಕು ಅಂಕಿ 9999ಕ್ಕೆ. ನಮ್ಮಲ್ಲಿ ಸುಮಾರು 1300 ಮಾಲಿರುವುದರಿಂದ ನಾಲ್ಕು ಅಂಕಿ ಧಾರಾಳವಾಯಿತು. 800 ಮಾಲಿರುವ ಅಂಗಡಿಯಾದರೂ ಮೂರಕ್ಕೆ ನಿಲ್ಲಿಸದೆ ನಾಲ್ಕು ಇಟ್ಟುಕೊಳ್ಳುವುದು ಒಳ್ಳೆಯದು. ಸಂಖ್ಯೆ ನಿಗದಿಯಾದ ಅಗಲವನ್ನು ಮೀರಿದ ದಿನ HW-1000 ಮತ್ತು HW-1001ರ ನಡುವೆ HW-10000 ಬಂದು ಕೂರುತ್ತದೆ. ಆಗ ಹಳೆಯ ಸ್ಟಿಕ್ಕರ್‌ಗಳನ್ನೆಲ್ಲ ಕಿತ್ತು ಹೊಸದಾಗಿ ಅಂಟಿಸಬೇಕಾಗುತ್ತದೆ.

ಹಾಗೆಂದು ಎಂಟು ಅಂಕಿಯನ್ನೂ ಇಡಬೇಡಿ. HW-00000007 ಎಂಬುದನ್ನು ನೋಡಿ ಬರೆದುಕೊಳ್ಳುವಾಗ ಒಂದು ಸೊನ್ನೆ ಬಿಟ್ಟುಹೋಗುವುದು ಸುಲಭ.

2. ಮುಂದಿನ ಅಕ್ಷರಗಳನ್ನು ಆರಿಸುವಾಗ ಮೂರು ಕಡೆ ಎಚ್ಚರ

ಎರಡೋ ಮೂರೋ ಅಕ್ಷರ ಸಾಕು, ಆದರೆ ಎಲ್ಲ ಮಾಲಿಗೂ ಅವು ಒಂದೇ ಆಗಿರಬೇಕು.

ಮೊದಲನೆಯದಾಗಿ, ಇಂಗ್ಲಿಷಿನ O ಮತ್ತು I ಬೇಡ. ಸ್ಟಿಕ್ಕರ್ ಮೇಲೆ ಅವು ಸೊನ್ನೆಯ ಹಾಗೆ, ಒಂದರ ಹಾಗೆ ಕಾಣುತ್ತವೆ. ನಮ್ಮ ವಾಹನಗಳ ನೋಂದಣಿ ಸರಣಿಯಲ್ಲೂ ಈ ಎರಡು ಅಕ್ಷರಗಳನ್ನು ಬಿಟ್ಟಿರುತ್ತಾರೆ.

ಎರಡನೆಯದಾಗಿ, ತಿಂಗಳ ಹೆಸರಿನಂತಿರುವ ಅಕ್ಷರಗಳು ಬೇಡ. ಮಾರ್ಬಲ್‌ಗೆಂದು MAR ಇಟ್ಟುಕೊಂಡು MAR-01 ಎಂದು ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ಮಾರ್ಚ್ 1ರ ದಿನಾಂಕ ಮಾಡಿಬಿಡುತ್ತದೆ. ಈ ಕಾಟ ವಿಜ್ಞಾನಿಗಳಿಗೂ ತಪ್ಪಿಲ್ಲ. ಮಾನವ ಜೀನುಗಳಿಗೆ ಹೆಸರಿಡುವ ಸಮಿತಿ ಇದೇ ಕಾರಣಕ್ಕೆ MARCH1 ಎಂಬ ಜೀನಿನ ಹೆಸರನ್ನು MARCHF1 ಎಂದು ಬದಲಿಸಿತು, 2020ರಲ್ಲಿ ಆ ಸುದ್ದಿ ಎಲ್ಲೆಡೆ ಹಬ್ಬಿತ್ತು.

ಮೂರನೆಯದಾಗಿ, ನಾಳೆ ಬದಲಾಗಬಹುದಾದ ಮಾಹಿತಿಯನ್ನು ಕೋಡ್‌ಗೆ ತುರುಕಬೇಡಿ. ಮೂರನೇ ರ್‍ಯಾಕಿನ ಮಾಲಿಗೆ R3 ಎಂದಿಟ್ಟು, ಮುಂದೆ ಆ ಮಾಲನ್ನು ಐದನೇ ರ್‍ಯಾಕಿಗೆ ಸರಿಸಿದರೆ ಕೋಡ್ ಸುಳ್ಳು ಹೇಳಲು ಶುರುಮಾಡುತ್ತದೆ. ರ್‍ಯಾಕ್, ದರ, ಕಂಪನಿ ಇವಕ್ಕೆಲ್ಲ ಬೇರೆ ಬೇರೆ ಕಾಲಂ ಇರಲಿ.

3. ಸೂತ್ರ ಹಾಕುವ ಮೊದಲು ಸಂಖ್ಯೆಗಳನ್ನು ಸೋಸಿ

ಕ್ರಮಸಂಖ್ಯೆಗಳು A ಕಾಲಂನಲ್ಲಿ, ಎರಡನೇ ಸಾಲಿನಿಂದ ಇವೆ ಎಂದುಕೊಳ್ಳಿ. ನಮ್ಮಲ್ಲಿ ಒಟ್ಟು 1286 ಸಾಲು. ಒಂದು ಖಾಲಿ ಸೆಲ್‌ನಲ್ಲಿ ಇದನ್ನು ಹಾಕಿದೆ:

```
=COUNT(A2:A1287)
```

ಇದು ನಿಜವಾದ ಸಂಖ್ಯೆಗಳನ್ನು ಮಾತ್ರ ಎಣಿಸುತ್ತದೆ. ಉತ್ತರ 1283 ಬಂತು, ಅಂದರೆ ಮೂರು ಸಾಲಿನಲ್ಲಿ ಏನೋ ಎಡವಟ್ಟಾಗಿತ್ತು. ಹುಡುಕಿದೆ. ಒಂದು ಕಡೆ ಸೆಲ್ ಖಾಲಿ ಇತ್ತು. ಇನ್ನೊಂದು ಕಡೆ 108ರ ಬದಲು 1O8 ಎಂದಿತ್ತು, ನಡುವೆ ಸೊನ್ನೆಯ ಜಾಗದಲ್ಲಿ O ಅಕ್ಷರ ಸೇರಿಕೊಂಡಿತ್ತು. ಮೂರನೆಯದು 45A. ಯಾವತ್ತೋ 45ರ ಪಕ್ಕದಲ್ಲೇ ಹೊಸ ಮಾಲೊಂದನ್ನು ಸೇರಿಸಲು ಅಪ್ಪ ಕಂಡುಕೊಂಡ ದಾರಿ ಅದು. ಪುಸ್ತಕದಲ್ಲಿ ಅದು ಸರಿ, ಇಲ್ಲಿ ನಡೆಯುವುದಿಲ್ಲ.

108ನ್ನು ತಿದ್ದಿದೆ. 45Aಗೆ 1285, ಖಾಲಿ ಇದ್ದ ಮಾಲಿಗೆ 1286 ಕೊಟ್ಟೆ. ಲೆಕ್ಕ 1286ಕ್ಕೆ ಕೂತಿತು. ಇದನ್ನು ಮಾಡದೆ ಮುಂದೆ ಹೋಗಿದ್ದರೆ ಖಾಲಿ ಸೆಲ್‌ನಿಂದ HW-0000 ಎಂಬ ಕೋಡ್ ಹುಟ್ಟುತ್ತಿತ್ತು, ಉಳಿದೆರಡು ಸೊನ್ನೆಯೇ ಇಲ್ಲದೆ HW-1O8, HW-45A ಆಗಿ ನಿಲ್ಲುತ್ತಿದ್ದವು.

4. TEXT ಬಳಸಿ, ಅಕ್ಷರಗಳನ್ನು ಅದರ ಹೊರಗಿಡಿ

B2ರಲ್ಲಿ ಹೀಗೆ ಬರೆದು ಕೆಳಗಿನವರೆಗೆ ಎಳೆಯಿರಿ:

```
="HW-"&TEXT(A2,"0000")
```

TEXT ಒಳಗಿನ ನಾಲ್ಕು ಸೊನ್ನೆಗಳು ಕನಿಷ್ಠ ನಾಲ್ಕು ಅಂಕಿ ಇರಲಿ, ಕಡಿಮೆ ಬಿದ್ದರೆ ಎಡಕ್ಕೆ ಸೊನ್ನೆ ತುಂಬಿ ಎಂದು ಹೇಳುತ್ತವೆ. ಹಾಗಾಗಿ 7 ಎಂಬುದು HW-0007 ಆಗುತ್ತದೆ, 1286 ಎಂಬುದು HW-1286. ಇದೇ ಸೂತ್ರ ಗೂಗಲ್ ಶೀಟ್ಸ್‌ನಲ್ಲೂ ನಡೆಯುತ್ತದೆ. HWಯನ್ನು TEXT ಒಳಗೆ ಸೇರಿಸಬೇಡಿ. ಅಲ್ಲಿ H ಎಂದರೆ ಗಂಟೆ, D ಎಂದರೆ ದಿನ, M ಎಂದರೆ ತಿಂಗಳು ಎಂಬ ಅರ್ಥ ಮೊದಲೇ ಇದೆ.

ಇದೇ ಕೆಲಸಕ್ಕೆ ಹಲವರು ಇನ್ನೊಂದು ಸೂತ್ರ ಬಳಸುತ್ತಾರೆ:

```
="HW-"&RIGHT("0000"&A2,4)
```

ನಾಲ್ಕು ಅಂಕಿಯವರೆಗೆ ಎರಡೂ ಒಂದೇ ಉತ್ತರ ಕೊಡುತ್ತವೆ. ಆದರೆ RIGHT ಬಲಗಡೆಯ ನಾಲ್ಕು ಅಕ್ಷರ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸುತ್ತದೆ. 10001 ಬಂದ ದಿನ ಅದು ಸದ್ದಿಲ್ಲದೆ HW-0001 ಎಂದು ಕೊಡುತ್ತದೆ, ಆ ಕೋಡ್ ಆಗಲೇ ಬೇರೊಂದು ಮಾಲಿಗಿರುತ್ತದೆ. TEXT ಆದರೆ HW-10001 ಎಂದು ಪೂರ್ತಿ ತೋರಿಸುತ್ತದೆ. ಉದ್ದ ಹೆಚ್ಚಾದರೂ ಎರಡು ಮಾಲಿಗೆ ಒಂದೇ ಕೋಡ್ ಬೀಳುವುದಿಲ್ಲ.

5. ಕಣ್ಣಿಗೆ ಕಾಣುವ ಕೋಡ್ ಬೇರೆ, ಸೆಲ್‌ನಲ್ಲಿರುವ ಕೋಡ್ ಬೇರೆ

ಫಾರ್ಮ್ಯಾಟ್ ಸೆಲ್ಸ್‌ಗೆ ಹೋಗಿ ಕಸ್ಟಮ್ ಜಾಗದಲ್ಲಿ ಕೆಳಗಿನಂತೆ ಬರೆದರೆ, ಸೂತ್ರವೇ ಇಲ್ಲದೆ 7 ಎಂಬುದು HW-0007 ಎಂದು ಕಾಣುತ್ತದೆ:

```
"HW-"0000
```

ನಾನೂ ಮೊದಲು ಇದನ್ನೇ ಮಾಡಿದ್ದೆ. ಬಿಲ್ ಮಾಡುವ ಶೀಟಿನಲ್ಲಿ HW-0007 ಎಂದು ಹೊಡೆದರೆ ಅರ್ಧ ಇಂಚಿನ ಎಲ್ಬೋ ಬರಬೇಕಿತ್ತು, ಬಂದದ್ದು #N/A. ಪಟ್ಟಿಯಲ್ಲಿ ಕೋಡ್ ಕಣ್ಣೆದುರೇ ಇದೆ, VLOOKUP ಮಾತ್ರ ಸಿಗುತ್ತಿಲ್ಲ ಎನ್ನುತ್ತಿದೆ. ಆ ಸೆಲ್ ಮೇಲೆ ಕ್ಲಿಕ್ ಮಾಡಿ ಮೇಲಿನ ಫಾರ್ಮುಲಾ ಬಾರ್ ನೋಡಿದಾಗ ವಿಷಯ ತಿಳಿಯಿತು. ಅಲ್ಲಿ ಬರೀ 7 ಇತ್ತು. ಫಾರ್ಮ್ಯಾಟ್ ಬದಲಿಸುವುದು ತೋರಿಕೆಯನ್ನಷ್ಟೇ, ಒಳಗಿನ ಸಂಖ್ಯೆ ಹಾಗೇ ಉಳಿದಿರುತ್ತದೆ.

ಗುರುತು ಹಿಡಿಯಲು `=LEN(A2)` ಎಂದು ಕೇಳಿ. ನಿಜವಾದ ಕೋಡ್ ಆಗಿದ್ದರೆ 7 ಅಕ್ಷರ ಎನ್ನುತ್ತದೆ, ತೋರಿಕೆಯದ್ದಾದರೆ 1, 2, 3 ಹೀಗೆ ಒಳಗಿರುವ ಅಂಕಿಗಳನ್ನಷ್ಟೇ ಎಣಿಸುತ್ತದೆ. ಗೋಡೆಗೆ ಅಂಟಿಸುವ ಪಟ್ಟಿಗೆ ಕಸ್ಟಮ್ ಫಾರ್ಮ್ಯಾಟ್ ಸಾಕು. ಕೋಡ್ ಹೊಡೆದು ಮಾಲು ಹುಡುಕಬೇಕಾದಲ್ಲಿ ಸಾಲದು.

6. ಪರೀಕ್ಷಿಸಿ, ಆಮೇಲೆ ಸೂತ್ರವನ್ನು ತೆಗೆದುಬಿಡಿ

ಪರೀಕ್ಷೆ ಎರಡೇ. ಮೊದಲನೆಯದು, ಉದ್ದ ತಪ್ಪಿದ ಕೋಡ್ ಎಷ್ಟಿವೆ ಎಂದು ಎಣಿಸುತ್ತದೆ:

```
=SUMPRODUCT(--(LEN(B2:B1287)<>7))
```

ಉತ್ತರ 0 ಬರಬೇಕು. ಎರಡನೆಯದನ್ನು ಖಾಲಿ ಇರುವ ಯಾವುದಾದರೂ ಕಾಲಂನಲ್ಲಿ ಹಾಕಿ ಕೆಳಗಿನವರೆಗೆ ಎಳೆಯಿರಿ:

```
=COUNTIF(B$2:B$1287,B2)
```

ಪ್ರತಿ ಸಾಲಿನಲ್ಲೂ 1 ಬರಬೇಕು. 2 ಬಂದರೆ ಆ ಕೋಡ್ ಎರಡು ಕಡೆ ಇದೆ ಎಂದರ್ಥ. ನಮ್ಮಲ್ಲಿ ಎಲ್ಲ ಸಾಲಿನಲ್ಲೂ 1 ಬಂದಿತು.

ಈಗ ಕೋಡ್ ಕಾಲಂ ಪೂರ್ತಿ ಆರಿಸಿ, `Ctrl+C` ಒತ್ತಿ, ಅದೇ ಜಾಗದಲ್ಲಿ ಪೇಸ್ಟ್ ಸ್ಪೆಷಲ್‌ಗೆ ಹೋಗಿ ವ್ಯಾಲ್ಯೂಸ್ ಆರಿಸಿ. ಸೂತ್ರ ಹೋಗಿ ಅದರ ಉತ್ತರ ಮಾತ್ರ ಉಳಿಯುತ್ತದೆ. ಗೂಗಲ್ ಶೀಟ್ಸ್‌ನಲ್ಲಿ `Ctrl+Shift+V` ಒತ್ತಿದರೆ ಸಾಕು.

ಇದನ್ನು ಬಿಟ್ಟರೆ ಏನಾಗುತ್ತದೆ ಎಂಬುದನ್ನು ಒಮ್ಮೆ ಕಣ್ಣಾರೆ ಕಂಡಿದ್ದೇನೆ. ಕ್ರಮಸಂಖ್ಯೆಯ ಕಾಲಂ ಇಲ್ಲದೆಯೇ ಸಾಲಿನ ಸಂಖ್ಯೆಯಿಂದ ಕೋಡ್ ಮಾಡಲು ಈ ಸೂತ್ರ ಹಾಕಿದ್ದೆ:

```
="HW-"&TEXT(ROW()-1,"0000")
```

ಸ್ಟಿಕ್ಕರ್‌ಗಳನ್ನು ಪ್ರಿಂಟ್ ಮಾಡಿ ಡಬ್ಬಿಗಳಿಗೆ ಅಂಟಿಸಿಯೂ ಆಗಿತ್ತು. ಮರುದಿನ ಪಟ್ಟಿಯನ್ನು ಮಾಲಿನ ಹೆಸರಿನ ಪ್ರಕಾರ ಜೋಡಿಸಿದೆ. ಹೆಸರುಗಳು ಮೇಲೆ ಕೆಳಗೆ ಸರಿದವು, ಕೋಡ್ ಮಾತ್ರ ಸಾಲನ್ನೇ ಹಿಡಿದು ನಿಂತಿತು. ಎಲ್ಬೋ ಡಬ್ಬಿಯ ಮೇಲೆ HW-0007 ಎಂಬ ಸ್ಟಿಕ್ಕರ್, ಪಟ್ಟಿಯಲ್ಲಿ HW-0007ರ ಎದುರು ಬಾಗಿಲಿಗೆ ಹಾಕುವ ಆಲ್ಡ್ರಾಪ್. ಕೋಡ್ ಮಾಲಿನ ಹೆಸರಿದ್ದಂತೆ. ಮಾಲು ಎಲ್ಲಿಗೆ ಹೋದರೂ ಕೋಡ್ ಅದರ ಜೊತೆಗೇ ಹೋಗಬೇಕು, ಜಾಗ ಬದಲಾಯಿತೆಂದು ಕೋಡ್ ಬದಲಾಗಕೂಡದು.

7. ಹೊಸ ಮಾಲಿಗೆ ಹೊಸ ಸಂಖ್ಯೆ, ಹಳೆಯದು ಯಾರಿಗೂ ಇಲ್ಲ

A ಕಾಲಂನ ಕ್ರಮಸಂಖ್ಯೆಗಳನ್ನು ಅಳಿಸದೆ ಉಳಿಸಿಕೊಳ್ಳಿ. ಮುಂದಿನ ಸಂಖ್ಯೆಯನ್ನು ಅವೇ ಹೇಳುತ್ತವೆ:

```
=MAX(A2:A5000)+1
```

ಇದನ್ನು A ಕಾಲಂ ಬಿಟ್ಟು ಬೇರೆ ಕಡೆ ಇಡಿ, ಇಲ್ಲದಿದ್ದರೆ ಅದು ತನ್ನನ್ನೇ ಎಣಿಸಲು ಹೋಗುತ್ತದೆ. ನಮ್ಮಲ್ಲಿ ಇದು 1287 ಎಂದು ತೋರಿಸಿತು. ಆಮೇಲೆ ಬಂದ ಮುಕ್ಕಾಲು ಇಂಚಿನ ಬಾಲ್ ವಾಲ್ವ್‌ಗೆ A ಕಾಲಂನಲ್ಲಿ 1287 ಹೊಡೆದು, ಅದರ ಪಕ್ಕದಲ್ಲಿ ನಾಲ್ಕನೆಯ ಸೂತ್ರದಿಂದ HW-1287 ಮಾಡಿ, ಅದನ್ನೂ ವ್ಯಾಲ್ಯೂಸ್ ಆಗಿ ಪೇಸ್ಟ್ ಮಾಡಿದೆ.

ಯಾವುದೋ ಮಾಲು ತರಿಸುವುದನ್ನು ನಿಲ್ಲಿಸಿದರೆ ಅದರ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಬೇಡಿ. ಹೋದ ವರ್ಷದ ಬಿಲ್‌ನಲ್ಲಿ HW-0312 ಎಂದರೆ ಹಳೆಯ ಪಿತ್ತಳೆ ನಲ್ಲಿ, ಈ ವರ್ಷದ್ದರಲ್ಲಿ ಅದೇ HW-0312 ಎಂದರೆ ಪ್ಲಾಸ್ಟಿಕ್ ನಲ್ಲಿ ಎಂದಾದರೆ, ಗಿರಾಕಿ ಹಳೆಯ ಬಿಲ್ ಹಿಡಿದು ಬದಲಿಸಲು ಬಂದಾಗ ಯಾವುದನ್ನು ಕೊಟ್ಟಿದ್ದೆವು ಎಂದು ಹೇಳುವುದು ಕಷ್ಟವಾಗುತ್ತದೆ. ಸಾಲನ್ನು ಅಳಿಸದೆ ಪಕ್ಕದ ಕಾಲಂನಲ್ಲಿ ನಿಂತಿದೆ ಎಂದು ಬರೆದಿಡಿ. ಸಾಲು ಉಳಿದಿದ್ದರೆ MAX ಲೆಕ್ಕವೂ ತಪ್ಪುವುದಿಲ್ಲ. 1287ನೆಯದೇ ನಿಂತುಹೋದರೂ ಮುಂದಿನದಕ್ಕೆ 1288 ಎಂದೇ ತೋರಿಸುತ್ತದೆ.

ಅಪ್ಪನ ಪುಸ್ತಕ ಈಗಲೂ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇದೆ. ಅದರಲ್ಲಿ 7 ಎಂದಿರುವುದೇ ಡಬ್ಬಿಯ ಮೇಲೆ HW-0007, ಬಿಲ್‌ನಲ್ಲೂ HW-0007. 45Aಯ ಮುಂದೆ ಮಾತ್ರ ಅಪ್ಪ ತಮ್ಮ ಕೈಯಾರೆ 1285 ಎಂದು ಬರೆದುಕೊಂಡಿದ್ದಾರೆ.